ಎರಡರಿಂದ ಹದಿನೈದರವರೆಗೆ: ನಮ್ಮ ಫುಟ್‌ಬಾಲ್ ತಂಡದ ಸಾಮಾನು ಪಟ್ಟಿಯ ಇತಿಹಾಸ

ನಮ್ಮ ಶಾಲೆಯ ಆಟದ ಸಾಮಾನಿನ ದಾಸ್ತಾನು ವಹಿಗಳು ಇಂದಿಗೂ ಕಚೇರಿಯ ಕಬ್ಬಿಣದ ಬೀರುವಿನಲ್ಲಿವೆ. ಸುವರ್ಣ ಮಹೋತ್ಸವ ಸಮಿತಿಯವರು ಕ್ರೀಡೆಯ ಬಗ್ಗೆ ಬರೆದುಕೊಡಿ ಎಂದಾಗ, ಗೆದ್ದ ಕಪ್ಪುಗಳ ವಿವರವನ್ನು ಬೇರೆಯವರು ಬರೆಯುತ್ತಾರೆಂದು ತಿಳಿದು, ನಾನು ಈ ವಹಿಗಳನ್ನು ಆರಿಸಿಕೊಂಡೆ. ದೈಹಿಕ ಶಿಕ್ಷಕನಾಗಿ ಇವುಗಳಲ್ಲಿ ಬಹಳ ವರ್ಷ ನಾನೇ ಬರೆದಿದ್ದೇನೆ. ತಂಡ ಊರು ಬಿಟ್ಟು ಪಂದ್ಯಾವಳಿಗೆ ಹೊರಟಾಗ ಏನೇನು ಜೊತೆಗೆ ಹೋಯಿತು, ಏನು ಹಿಂದಿರುಗಿತು, ಏನು ಕಳೆಯಿತು ಎಂಬ ಲೆಕ್ಕ ಇವುಗಳಲ್ಲಿದೆ. ಬಡ ಮಕ್ಕಳ ಶಾಲೆಯೊಂದರ ತಂಡ ಹೇಗೆ ಆಡಿತೆಂಬುದನ್ನು ಈ ಲೆಕ್ಕ ಹೇಳುವಷ್ಟು ಕಪ್ಪುಗಳು ಹೇಳುವುದಿಲ್ಲ.

ಮೊದಲಿಗೆ ನಮ್ಮ ಸೀಮೆಯ ಮಾತು. 1809ರಲ್ಲಿ ಬ್ರಿಟಿಷರು ದಂಡು ಸ್ಥಾಪಿಸಿದ ಮೇಲೆ ಹಲಸೂರು, ಶಿವಾಜಿನಗರದ ಸುತ್ತ ಸೈನಿಕರ ಮೈದಾನಗಳಾದವು. ಅಲ್ಲಿಂದ ಫುಟ್‌ಬಾಲು, ಹಾಕಿ ಎರಡೂ ಗಲ್ಲಿಗಳಿಗೆ ಇಳಿದವು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿರುವುದನ್ನು ನೋಡಿದವರಿಗೆ ಈ ಆಟ ಇಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂದು ಹೇಳಬೇಕಿಲ್ಲ. 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಇಲ್ಲಿಯದೇ. ನಮ್ಮದು ಕೃಷ್ಣರಾಜಪುರದ ಕಡೆಯ ಶಾಲೆ. ಶಾಲೆ ಆರಂಭವಾದಾಗ ಸುತ್ತ ಹೊಲ, ಕೆರೆ, ಕೆಲವು ಹಳ್ಳಿಗಳು ಮಾತ್ರ. ಆದರೂ ನಮ್ಮ ಹುಡುಗರ ಮನಸ್ಸೆಲ್ಲ ದಂಡಿನ ಮೈದಾನಗಳ ಮೇಲೆಯೇ ಇತ್ತು. ಆಟ ಅಲ್ಲಿಂದಲೇ ಬಂತು, ಹಳೆಯ ಸಾಮಾನೂ ಅಲ್ಲಿಂದಲೇ ಬಂತು. ನಮ್ಮ ಮೊದಲ ಎರಡು ಕ್ಯಾನ್ವಾಸ್ ಕಿಟ್ ಬ್ಯಾಗುಗಳು ಶಿವಾಜಿನಗರದ ಗುಜರಿ ಅಂಗಡಿಯವು. ಒಂದರ ಮೇಲೆ ಯಾರೋ ಸಿಪಾಯಿಯ ನಂಬರು ಅರ್ಧ ಅಳಿಸಿ ಉಳಿದಿತ್ತು.

ಬೂಟಿನ ಪುಟ

ವಹಿಯ ಮೊದಲ ವರ್ಷಗಳಲ್ಲಿ ಚೆಂಡು ಇದೆ, ಪಂಪು ಇದೆ, ಗೋಲಿನ ಬಲೆ ಇದೆ, ಬೂಟು ಇಲ್ಲ. ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಅದನ್ನು ಯಾರೂ ಕೊರತೆ ಎಂದು ತಿಳಿದಿರಲಿಲ್ಲ, ಏಕೆಂದರೆ ಹಿರಿಯರಲ್ಲಿ ಬಹುಮಂದಿ ಹಾಗೆಯೇ ಆಡಿದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ಫ್ರಾನ್ಸಿನ ಎದುರು ಇಳಿದರು. ಎರಡಕ್ಕೆ ಒಂದರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ನಮ್ಮೂರಿನವರು. ನಾಲ್ಕು ವರ್ಷದ ಬಳಿಕ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಹತ್ತಕ್ಕೆ ಒಂದರಿಂದ ಸೋಲಿಸಿತು. ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟನ್ನು ಕಡ್ಡಾಯ ಮಾಡಿತು. ಆದರೆ ದೆಹಲಿಯಲ್ಲೋ ಕಲ್ಕತ್ತದಲ್ಲೋ ಆದ ನಿಯಮ ಸರಕಾರಿ ಶಾಲೆಯ ಹುಡುಗನ ಕಾಲಿಗೆ ತಲುಪಲು ಬಹಳ ವರ್ಷ ಹಿಡಿಯಿತು. ಊರ ಪಂದ್ಯಗಳಲ್ಲಿ ಬರಿಗಾಲು ನಡೆಯುತ್ತಿತ್ತು. ಮೇಲಿನ ಹಂತದ ಪಂದ್ಯಾವಳಿಗೆ ಹೋದರೆ ಬೂಟು ಕೇಳುತ್ತಿದ್ದರು. ಹೀಗಾಗಿ ನಮ್ಮ ವಹಿಯಲ್ಲಿ ಬೂಟು ಕಾಣಿಸಿಕೊಳ್ಳುವುದು ತಂಡ ಪ್ರಯಾಣ ಮಾಡಲು ಶುರುಮಾಡಿದ ಮೇಲೆಯೇ.

ಬೂಟಿನ ಲೆಕ್ಕ ಇಡುವುದು ಜರ್ಸಿಯ ಲೆಕ್ಕದಂತಲ್ಲ. ಜರ್ಸಿ ಸ್ವಲ್ಪ ದೊಡ್ಡದಾದರೂ ಆಡಬಹುದು. ಬೂಟಿಗೆ ಅಳತೆಯೇ ಮುಖ್ಯ. ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಮ್ಮ ತಂಡ ಕೋಲಾರ ಚಿನ್ನದ ಗಣಿಯ ಕಡೆ ಶಾಲಾ ಪಂದ್ಯಾವಳಿಗೆ ಹೋದಾಗಿನ ಪಟ್ಟಿಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹದಿನಾರು ಹುಡುಗರು. ಶಾಲೆಯ ಬೂಟು ಒಂಬತ್ತು ಜೊತೆ. ಸ್ವಂತ ಬೂಟು ಇದ್ದವರು ಐದು ಜನ. ಒಟ್ಟು ಹದಿನಾಲ್ಕು ಜೊತೆ. ಮೈದಾನದಲ್ಲಿ ಒಂದು ಸಲಕ್ಕೆ ಹನ್ನೊಂದೇ ಜನ ಇರುವುದರಿಂದ ಹದಿನಾಲ್ಕು ಸಾಕು ಎಂದು ಮೇಲುನೋಟಕ್ಕೆ ತೋರುತ್ತದೆ. ಅಳತೆ ಬರೆದು ನೋಡಿದಾಗಲೇ ಗುಟ್ಟು ತಿಳಿಯುವುದು.

ಐದನೇ ಅಳತೆಯ ಹುಡುಗರು ಐದು ಜನ, ಆ ಅಳತೆಯ ಬೂಟು ನಾಲ್ಕು ಜೊತೆ. ಆರನೇ ಅಳತೆಯ ಹುಡುಗರು ಏಳು, ಬೂಟೂ ಏಳು. ಏಳನೇ ಅಳತೆಯ ಹುಡುಗರು ನಾಲ್ಕು, ಬೂಟು ಮೂರು. ಅಂದರೆ ಐದರಲ್ಲಿ ಒಬ್ಬನಿಗೂ ಏಳರಲ್ಲಿ ಒಬ್ಬನಿಗೂ ಬೂಟಿಲ್ಲ. ಆ ಇಬ್ಬರೂ ಬದಲಿ ಆಟಗಾರರೇ ಆಗಬೇಕು. ಅಷ್ಟೇ ಅಲ್ಲ, ಅವರು ಒಳಗೆ ಹೋಗಬೇಕಾದರೆ ತಮ್ಮದೇ ಅಳತೆಯ, ಶಾಲೆಯ ಬೂಟು ತೊಟ್ಟವನೇ ಹೊರಗೆ ಬರಬೇಕು. ಸ್ವಂತ ಬೂಟಿನ ಹುಡುಗನಿಂದ ಬಿಚ್ಚಿಸಿಕೊಳ್ಳುವುದು ಸರಿಯಲ್ಲ. ಅವನ ಅಪ್ಪ ಎಷ್ಟು ಕಷ್ಟಪಟ್ಟು ಕೊಡಿಸಿದ್ದಾನೆಂದು ನಮಗೆ ಗೊತ್ತಿರುತ್ತದೆ. ಹೀಗೆ ಯಾರ ಬದಲು ಯಾರು ಎಂಬುದು ಆಟದ ಲೆಕ್ಕದಿಂದ ಅಲ್ಲ, ಪಾದದ ಲೆಕ್ಕದಿಂದ ತೀರ್ಮಾನವಾಗುತ್ತಿತ್ತು.

ಗೆರೆಯ ಪಕ್ಕ ಒಬ್ಬ ಬಿಚ್ಚಿ ಇನ್ನೊಬ್ಬ ತೊಡುವಷ್ಟರಲ್ಲಿ ಆಟ ಮುಂದೆ ಹೋಗಿಬಿಡುತ್ತದೆ, ಆ ಹೊತ್ತು ನಮ್ಮವರು ಹತ್ತೇ ಜನ. ಅದಕ್ಕೆ ಈ ಇಬ್ಬರು ಹುಡುಗರನ್ನು ಒಳಗೆ ಕಳಿಸುವುದಾದರೆ ಅರ್ಧ ಸಮಯದಲ್ಲೇ ಎಂದು ಮೊದಲೇ ನಿಶ್ಚಯ ಮಾಡಿಕೊಳ್ಳುತ್ತಿದ್ದೆವು. ಐದನೇ ಅಳತೆಯ ಹುಡುಗನಿಗೆ ಇನ್ನೊಂದು ದಾರಿ ಇತ್ತು. ಹೊರಗೆ ಕುಳಿತ ಆರನೇ ಅಳತೆಯವನ ಶಾಲಾ ಬೂಟನ್ನು ಎರಡು ಜೊತೆ ಸ್ಟಾಕಿಂಗ್ಸ್ ಮೇಲೆ, ತುದಿಗೆ ಹತ್ತಿ ತುರುಕಿ ತೊಡಬಹುದು. ಅರ್ಧ ಆಟಕ್ಕೆ ಅದು ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಏಳನೇ ಅಳತೆಯವನಿಗೆ ಈ ಉಪಾಯವೂ ಇಲ್ಲ. ಚಿಕ್ಕ ಬೂಟಿನಲ್ಲಿ ಕಾಲು ತುರುಕಿದರೆ ಹೆಬ್ಬೆರಳಿನ ಉಗುರಿನಡಿ ರಕ್ತ ಕಟ್ಟಿ ಕಪ್ಪಾಗುತ್ತದೆ, ಕೆಲವು ದಿನದಲ್ಲಿ ಉಗುರೇ ಬಿದ್ದುಹೋಗುತ್ತದೆ. ಆ ವರ್ಷದ ಪಟ್ಟಿಯಲ್ಲಿ ಏಳನೇ ಅಳತೆಯ ನಾಲ್ಕನೆಯ ಹುಡುಗ ಇಡೀ ಪಂದ್ಯಾವಳಿಯಲ್ಲಿ ಆಡಿದ್ದು ಒಂದು ಅರ್ಧ ಮಾತ್ರ. ಕಾಲಿನ ಆಟದಲ್ಲಿ ಅವನು ಯಾರಿಗೂ ಕಡಿಮೆ ಇರಲಿಲ್ಲ. ಆ ಪುಟದಲ್ಲಿ ಅವನ ಹೆಸರಿನ ಮುಂದೆ ಇರುವುದು ಒಂದು ಸಣ್ಣ ಅಡ್ಡಗೆರೆ ಅಷ್ಟೆ. ಬೂಟಿಲ್ಲ ಎಂಬುದಕ್ಕೆ ನಾವು ಹಾಕುತ್ತಿದ್ದ ಗುರುತು ಅದು. ಮುಂದಿನ ವರ್ಷ ಕ್ರೀಡಾ ಶುಲ್ಕದ ಹಣ ಬಂದಾಗ ಜರ್ಸಿ ಬೇಕೋ ಬೂಟು ಬೇಕೋ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅವರ ಮುಂದೆ ಈ ಪುಟವನ್ನೇ ತೆರೆದಿಟ್ಟೆವು. ಆ ಸಲ ಕೊಂಡದ್ದು ಏಳನೇ ಅಳತೆಯ ಎರಡು ಜೊತೆ, ಐದರ ಒಂದು ಜೊತೆ.

ಬೂಟಿಗೆ ಗುರುತು ಹಾಕುವುದಕ್ಕೂ ಒಂದು ಕ್ರಮ ಇತ್ತು. ಕಾಯಿಸಿದ ಮೊಳೆಯಿಂದ ಎಡ, ಬಲ ಎರಡರ ಅಟ್ಟೆಯ ಮೇಲೂ ಒಂದೇ ಅಂಕೆ ಸುಡುತ್ತಿದ್ದೆವು. ಒಂದಕ್ಕೆ ಮಾತ್ರ ಹಾಕಿದರೆ ರಾತ್ರಿ ಹದಿನಾರು ಹುಡುಗರು ಮಲಗಿದ ಕೋಣೆಯಲ್ಲಿ ಬೆಳಗ್ಗೆ ಎಡದ್ದೊಂದು, ಬಲದ್ದೊಂದು ಆಗುವುದು ಖಂಡಿತ. ಆಡಿ ಬಂದ ಕೂಡಲೇ ಮಣ್ಣು ಕೆರೆದು, ಒಳಗೆ ಹಳೆಯ ಪೇಪರ್ ತುರುಕಿ, ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿ ಇಡಬೇಕು. ಬಿಸಿಲಿಗೆ ಇಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಆಗಿನ ಬೂಟುಗಳ ಅಡಿಗೆ ಚರ್ಮದ ಗುಬ್ಬಿಗಳನ್ನು ಮೊಳೆ ಹೊಡೆದು ಕೂರಿಸಿರುತ್ತಿದ್ದರು. ಗಣಿಯ ಕಡೆಯ ಕಲ್ಲುಮಣ್ಣಿನ ನೆಲದಲ್ಲಿ ಅವು ಬೇಗ ಸವೆದು ಮೊಳೆಯ ತಲೆ ಹೊರಬರುತ್ತಿತ್ತು. ಆಟಕ್ಕೆ ಮುಂಚೆ ರೆಫ್ರಿ ಕಾಲೆತ್ತಿಸಿ ನೋಡುವುದು ಅದಕ್ಕೇ. ಮೊಳೆ ಕಂಡರೆ ಆ ಬೂಟು ತೊಟ್ಟವನನ್ನು ಆಡಲು ಬಿಡರು. ಆದ್ದರಿಂದ ಪಟ್ಟಿಯಲ್ಲಿ ಒಂದು ಸುತ್ತಿಗೆ, ಸ್ವಲ್ಪ ಮೊಳೆ, ಹತ್ತು ಹನ್ನೆರಡು ಬಿಡಿ ಗುಬ್ಬಿ ಯಾವಾಗಲೂ ಇರುತ್ತಿದ್ದವು.

ಚೆಂಡು, ಪಂಪು, ಸೂಜಿ

ಹಿಂದಿನ ಚರ್ಮದ ಚೆಂಡಿನ ಒಳಗೆ ರಬ್ಬರಿನ ಬ್ಲಾಡರ್ ಇರುತ್ತಿತ್ತು, ಹೊರಗೆ ಹೊಲಿದ ಚರ್ಮದ ತುಂಡುಗಳು. ದೊಡ್ಡವರ ಆಟದ ಐದನೇ ನಂಬರಿನ ಚೆಂಡು ಸುತ್ತಳತೆಯಲ್ಲಿ 68ರಿಂದ 70 ಸೆಂಟಿಮೀಟರ್, ತೂಕದಲ್ಲಿ 410ರಿಂದ 450 ಗ್ರಾಂ ಇರಬೇಕೆಂಬುದು ನಿಯಮ. ಇದು ಆಟ ಶುರುವಾಗುವ ಹೊತ್ತಿನ ತೂಕ. ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ತಲೆ ಕೊಟ್ಟವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅದಕ್ಕೆ ಹೊರಡುವ ಹಿಂದಿನ ವಾರ ಹೊಲಿಗೆಯ ಮೇಲೆ ಕೊಬ್ಬಿನ ಎಣ್ಣೆ ತಿಕ್ಕಿ ಇಡುತ್ತಿದ್ದೆವು.

ಪ್ರಯಾಣಕ್ಕೆ ಮೂರು ಚೆಂಡು. ಗಾಳಿ ತೆಗೆದು ಚಪ್ಪಟೆ ಮಾಡಿ ಕಿಟ್ ಬ್ಯಾಗಿನ ತಳದಲ್ಲಿ ಇಡಬೇಕು. ಗಾಳಿ ತುಂಬಿದ ಚೆಂಡು ಮೂರಾದರೆ ಒಂದು ಬ್ಯಾಗೇ ಹೋಯಿತು. ಮೇಲಾಗಿ ರೈಲಿನ ಡಬ್ಬಿಯಲ್ಲಿ ಹುಡುಗರು ಸುಮ್ಮನೆ ಕೂರುವುದಿಲ್ಲ. ಆದರೆ ಗಾಳಿ ತೆಗೆದ ಚೆಂಡು ಆಟಕ್ಕೆ ಬರುವುದು ಪಂಪು ಮತ್ತು ಸೂಜಿ ಇದ್ದರೆ ಮಾತ್ರ. ಪಂಪು ದೊಡ್ಡದು, ಅದನ್ನು ಯಾರೂ ಮರೆಯುವುದಿಲ್ಲ. ಸೂಜಿ ಬೆರಳಿನ ಅರ್ಧದಷ್ಟು; ಜೇಬಿನಲ್ಲಿ ಹೋಗುತ್ತದೆ, ಜಮಖಾನದ ಮಡಿಕೆಯಲ್ಲಿ ಸೇರುತ್ತದೆ, ಒಣಗಿದ ವಾಲ್ವಿಗೆ ತುರುಕಿದರೆ ಮುರಿಯುತ್ತದೆ. ನಮ್ಮ ಪಟ್ಟಿಯಲ್ಲಿ ಸೂಜಿಯನ್ನು ‘ಪಂಪು ವಗೈರೆ’ ಎಂದು ಸೇರಿಸಿ ಬರೆಯದೆ ಬೇರೆ ಸಾಲಿನಲ್ಲಿ ‘ಸೂಜಿ, ಎರಡು’ ಎಂದೇ ಬರೆದಿರುತ್ತಿತ್ತು. ಒಂದನ್ನು ದಾರದಿಂದ ಪಂಪಿಗೆ ಕಟ್ಟಿ, ಇನ್ನೊಂದನ್ನು ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಇಡುತ್ತಿದ್ದೆವು. ತುರುಕುವ ಮುಂಚೆ ಸೂಜಿಯನ್ನು ಒದ್ದೆ ಮಾಡಿಕೊಳ್ಳಬೇಕೆಂಬುದನ್ನು ಹುಡುಗರಿಗೆಲ್ಲ ಕಲಿಸಿದ್ದೆವು.

ಚೆಂಡಿನಲ್ಲಿ ಗಾಳಿ ನಿಲ್ಲದಿದ್ದರೆ ತಪ್ಪು ವಾಲ್ವಿನದೋ ಬ್ಲಾಡರಿನದೋ ತಿಳಿಯಲು ಬಕೆಟ್ ನೀರು ಸಾಕು. ಮುಳುಗಿಸಿ ಹಿಡಿದರೆ ವಾಲ್ವಿನ ಬಾಯಿಂದ ಗುಳ್ಳೆ ಬಂದರೆ ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಬಹುದು. ಹೊಲಿಗೆಯ ನಡುವಿಂದ ಬಂದರೆ ಬ್ಲಾಡರ್ ತೂತಾಗಿದೆ ಎಂದರ್ಥ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸುವಂತೆ ಹಾಕಿಸಬೇಕು. ಈ ಪರೀಕ್ಷೆಯನ್ನು ಹೊರಡುವ ಹಿಂದಿನ ಸಂಜೆಯೇ ಮಾಡಿ, ಗಾಳಿ ತುಂಬಿದ ಚೆಂಡನ್ನು ರಾತ್ರಿಯಿಡೀ ಇಟ್ಟು, ಬೆಳಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಿದ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆವು.

ಎಣಿಸುವ ಜಾಗಗಳು

ದಾಸ್ತಾನು ವಹಿ ಬೇರೆ, ಪ್ರಯಾಣದ ಪಟ್ಟಿ ಬೇರೆ. ವಹಿ ಸರಕಾರದ್ದು. ಕೊಂಡ ತಾರೀಖು, ಬಿಲ್ಲಿನ ನಂಬರು, ಎಷ್ಟು, ಬೆಲೆ, ಕೊನೆಗೆ ಸವೆದು ಹೋದಾಗ ರದ್ದು ಮಾಡಿದ ತಾರೀಖು, ಮುಖ್ಯೋಪಾಧ್ಯಾಯರ ರುಜು. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು. ಹರಿದ ಜರ್ಸಿಯನ್ನು ತೋರಿಸಿ ರದ್ದು ಮಾಡಿಸಬಹುದು. ಕಳೆದುಹೋದ ಜರ್ಸಿಗೆ ತೋರಿಸಲು ಏನೂ ಇರುವುದಿಲ್ಲ. ಅದರ ಬೆಲೆ ಸಾಮಾನು ಕೊಂಡೊಯ್ದವರ ತಲೆಯ ಮೇಲೆ ಬರುತ್ತದೆ. ಆದರೆ ವಹಿ ಶಾಲೆಯಲ್ಲಿ ಏನಿದೆ ಎಂದು ಹೇಳುತ್ತದೆಯೇ ಹೊರತು, ಈ ಗಳಿಗೆಯಲ್ಲಿ ಅದು ಯಾರ ಕೈಯಲ್ಲಿದೆ ಎಂದು ಹೇಳುವುದಿಲ್ಲ. ಪ್ರಯಾಣದ ಪಟ್ಟಿ ಇರುವುದು ಅದಕ್ಕಾಗಿ.

ನಮ್ಮ ಪಟ್ಟಿ ಉದ್ದ ಗೆರೆಯ ನೋಟ್‌ಬುಕ್ಕಿನ ಎರಡು ಎದುರುಬದುರು ಪುಟ. ಎಡಕ್ಕೆ ಸಾಮಾನಿನ ಹೆಸರು, ಪಕ್ಕದಲ್ಲಿ ಅದು ಶಾಲೆಯದೋ, ಹುಡುಗನದೋ, ಎರವಲು ತಂದದ್ದೋ ಎಂಬ ಒಂದಕ್ಷರ. ಬಲಕ್ಕೆ ಆರು ಮನೆಗಳು: ಶಾಲೆ ಬಿಟ್ಟಾಗ, ವಸತಿ ತಲುಪಿದಾಗ, ಆಟ ಮುಗಿದಾಗ, ಒಗೆತದಿಂದ ಬಂದಾಗ, ವಸತಿ ಬಿಟ್ಟಾಗ, ಶಾಲೆಗೆ ಮರಳಿದಾಗ. ಸಾಮಾನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಜಾಗಗಳೇ ಈ ಆರು. ಕಳೆಯುವುದೂ ಅಲ್ಲಿಯೇ. ಬ್ಯಾಗಿನೊಳಗೆ ಇದ್ದದ್ದು ತಾನಾಗಿ ಕಳೆಯುವುದಿಲ್ಲ.

ಎಣಿಸುವ ರೀತಿ ನಮ್ಮ ಹುಡುಗರು ಹಲಸೂರು ಕೆರೆಯ ಬಳಿಯ ಎಂ.ಇ.ಜಿ. ಕೇಂದ್ರದ ಕಡೆಯಿಂದ ಕಲಿತದ್ದು ಎನ್ನಬಹುದು. ಸೈನ್ಯದಲ್ಲಿ ಸಿಪಾಯಿ ತನ್ನ ಕಿಟ್ಟನ್ನೆಲ್ಲ ನೆಲದ ಮೇಲೆ ಗೊತ್ತಾದ ಸಾಲಿನಲ್ಲಿ ಹರಡಿ ನಿಲ್ಲುತ್ತಾನೆ. ಮೇಲಿನವರು ನೋಡಿಕೊಂಡು ಹೋಗುತ್ತಾರೆ. ತಂಡದ ಕೆಲವು ಹುಡುಗರ ಮನೆಯವರು ಸೈನ್ಯದಲ್ಲಿ ಇದ್ದವರು. ನಾವೂ ಜಮಖಾನ ಹಾಸಿ ಹಾಗೆಯೇ ಹರಡುತ್ತಿದ್ದೆವು. ಬ್ಯಾಗಿನೊಳಗೆ ಕೈ ಹಾಕಿ ಎಣಿಸಿದರೆ ಒಂದನ್ನೇ ಎರಡು ಸಲ ಎಣಿಸುವುದುಂಟು. ಹರಡಿದ ಸಾಲಿನಲ್ಲಿ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ.

ಚಿನ್ನದ ಗಣಿಯ ಪಂದ್ಯಾವಳಿ

ಆ ಪ್ರಯಾಣಕ್ಕೆ ಕೃಷ್ಣರಾಜಪುರದಲ್ಲಿ ಮಾರಿಕುಪ್ಪಂ ಕಡೆಯ ಪ್ಯಾಸೆಂಜರ್ ರೈಲು ಹತ್ತಿದೆವು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಾಕಿದ ಹಳೆಯ ಹಾದಿ ಅದು. ಮಾಲೂರು, ಟೇಕಲ್ ದಾಟಿ ಬಂಗಾರಪೇಟೆಯಲ್ಲಿ ಕವಲೊಡೆದು ಕೋರಮಂಡಲ, ಉರಿಗಾಂ, ಚಾಂಪಿಯನ್ ನಿಲ್ದಾಣಗಳ ಮೂಲಕ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಗಣಿಗಳು ಆಗ ಇನ್ನೂ ನಡೆಯುತ್ತಿದ್ದವು, ಮುಚ್ಚಿದ್ದು 2001ರಲ್ಲಿ. ಅಲ್ಲಿ ಫುಟ್‌ಬಾಲು, ಹಾಕಿ ಎರಡಕ್ಕೂ ನಮ್ಮ ದಂಡಿನಷ್ಟೇ ಹಳೆಯ ಬೇರು.

ಹೊರಟಾಗಿನ ಮನೆಯಲ್ಲಿ ಹೀಗಿದೆ: ಕೆಂಪು ಜರ್ಸಿ ಹದಿನಾಲ್ಕು, ಬಿಳಿ ಜರ್ಸಿ ಹದಿನಾಲ್ಕು, ಗೋಲ್ ಕೀಪರಿನ ಹಸಿರು ಎರಡು, ಹಳದಿ ಎರಡು. ಎದುರಿನ ತಂಡದ ಬಣ್ಣವೂ ಕೆಂಪಾದರೆ ಬಿಳಿ ತೊಡಲು ಎರಡನೇ ಜೊತೆ. ಗೋಲ್ ಕೀಪರಿನ ಬಣ್ಣ ಎರಡು ತಂಡಕ್ಕೂ, ರೆಫ್ರಿಗೂ ಹೊಂದಬಾರದೆಂದು ಅವನಿಗೂ ಎರಡು. ಹೊರಗಿನ ಆಟಗಾರರ ನಂಬರು ಎರಡರಿಂದ ಹದಿನೈದು, ಗೋಲ್ ಕೀಪರುಗಳದು ಒಂದು ಮತ್ತು ಹದಿನಾರು. ಹುಡುಗನ ಹೆಸರಿನ ಮುಂದೆ ಅವನ ಜರ್ಸಿಯ ನಂಬರು ಬರೆದ ಪಟ್ಟಿಯನ್ನು ಪಂದ್ಯಾವಳಿಯವರಿಗೆ ಮೊದಲ ದಿನವೇ ಕೊಟ್ಟಿರುತ್ತೇವೆ.

ಎಲ್ಲ ತಂಡಗಳಿಗೂ ವಸತಿ ಒಂದೇ ಶಾಲೆಯ ಕೋಣೆಗಳಲ್ಲಿ. ಮೊದಲ ದಿನ ಕೆಂಪು ತೊಟ್ಟು ಆಡಿ ಗೆದ್ದೆವು. ಸಂಜೆ ಹದಿನಾಲ್ಕೂ ಒಗೆಯಲು ಹೋದವು. ಮರುದಿನ ಮಧ್ಯಾಹ್ನ ಬಟ್ಟೆಯ ಗಂಟು ಬಂತು. ತಂಡದ ನಾಯಕ ಜಮಖಾನದ ಮೇಲೆ ಹರಡಿ ಎಣಿಸಿ, “ಹದಿನಾಲ್ಕು ಸರಿಯಾಗಿದೆ ಸಾರ್” ಎಂದ. ನಮ್ಮ ಕ್ರಮದಲ್ಲಿ ಎಣಿಸಿದ ಮೇಲೆ ನಂಬರು ಓದಬೇಕು. ಒಬ್ಬ ಪಟ್ಟಿ ಹಿಡಿದು ಎರಡರಿಂದ ಕೂಗುತ್ತಾ ಹೋಗುವುದು, ಇನ್ನೊಬ್ಬ ಜರ್ಸಿ ಎತ್ತಿ ತೋರಿಸುವುದು. ಹತ್ತರವರೆಗೆ ಬಂತು, ಹನ್ನೊಂದು ಸಿಗಲಿಲ್ಲ. ಹದಿನೈದು ಮುಗಿದ ಮೇಲೂ ಜಮಖಾನದ ಮೇಲೆ ಒಂದು ಜರ್ಸಿ ಉಳಿದಿತ್ತು. ಅದು ಎಂಟು. ನಮ್ಮ ಬಳಿ ಎರಡು ಎಂಟು ಇದ್ದವು, ಹನ್ನೊಂದು ಇರಲಿಲ್ಲ.

ಎರಡು ಎಂಟರಲ್ಲಿ ನಮ್ಮದು ಯಾವುದು? ಕೆಂಪು ಒಂದೇ, ಬಟ್ಟೆಯೂ ಹೆಚ್ಚು ಕಡಿಮೆ ಒಂದೇ. ಕೊರಳಪಟ್ಟಿಯ ಒಳಗೆ ತಿರುವಿದಾಗ ತಿಳಿಯಿತು. ನಮ್ಮ ಬಟ್ಟೆಗಳಿಗೆಲ್ಲ ಅಗಸರ ಗುರುತು ಹಾಕಿಸಿದ್ದೆವು: ಒಂದು ಅಡ್ಡಗೆರೆ, ಕೆಳಗೆ ಮೂರು ಚುಕ್ಕಿ. ಗುಡ್ಡೆಗೇರು ಕಾಯಿಯ ರಸಕ್ಕೆ ಸುಣ್ಣ ಸೇರಿಸಿ ಹಾಕುವ ಆ ಕಪ್ಪು ಗುರುತು ಎಷ್ಟು ಒಗೆದರೂ ಹೋಗುವುದಿಲ್ಲ. ಬಟ್ಟೆ ಹರಿದರೂ ಗುರುತು ಇರುತ್ತದೆ. ಅದರ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುವುದರಿಂದ ಅದನ್ನು ಬಲ್ಲ ಅಗಸರ ಕೈಯಿಂದಲೇ ಹಾಕಿಸಬೇಕು. ಒಂದು ಎಂಟರಲ್ಲಿ ಗುರುತಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಉಳಿದದ್ದು ಊಹಿಸುವುದು ಸುಲಭ. ಕೆಂಪು ಜರ್ಸಿಯ ಇನ್ನೊಂದು ತಂಡದ ಬಟ್ಟೆಯೂ ನಮ್ಮ ಬಟ್ಟೆಯೂ ಒಂದೇ ಹಗ್ಗದ ಮೇಲೆ ಒಣಗಿವೆ. ಇಳಿಸುವಾಗ ಎರಡು ಅದಲು ಬದಲಾಗಿವೆ. ಆ ತಂಡ ಮೊದಲ ದಿನವೇ ಸೋತು ಅಂದಿನ ಸಂಜೆಯ ರೈಲಿಗೆ ಹೊರಡುವುದರಲ್ಲಿತ್ತು. ಅವರ ಕೋಣೆಗೆ ಹೋಗಿ ಕೇಳಿದಾಗ ಅವರ ಮೇಷ್ಟ್ರು, “ನಮ್ಮದು ಎಣಿಸಿಯಾಗಿದೆ, ಸರಿಯಾಗಿದೆ” ಎಂದರು. ಅವರ ಮಾತೂ ನಿಜವೇ. ಅವರ ಲೆಕ್ಕದಲ್ಲಿ ಒಂದೂ ಕಡಿಮೆ ಇರಲಿಲ್ಲ. ಗಂಟು ಬಿಚ್ಚಿ ನಂಬರು ನೋಡಿದಾಗ ಅಲ್ಲಿ ಎಂಟು ಇಲ್ಲ, ಹನ್ನೊಂದು ಎರಡು. ಕೊರಳಪಟ್ಟಿಯಲ್ಲಿ ಗೆರೆ, ಮೂರು ಚುಕ್ಕಿ ಇದ್ದದ್ದನ್ನು ಅವರೇ ಎತ್ತಿ ಕೊಟ್ಟರು, ನಾವು ಅವರ ಎಂಟನ್ನು ಕೊಟ್ಟೆವು. ಶಾಲೆಗೆ ಮರಳಿದ ಮೇಲೆ ನೋಡಿದ್ದರೆ ಆ ಜರ್ಸಿ ಯಾವ ಜಿಲ್ಲೆಯಲ್ಲಿ ಇರುತ್ತಿತ್ತೋ.

ಇದು ಒಂದು ಜರ್ಸಿಯ ಬೆಲೆಯ ಮಾತಷ್ಟೇ ಅಲ್ಲ. ಮರುದಿನ ಹನ್ನೊಂದನೇ ನಂಬರಿನ ಹುಡುಗ ಬೇರೆ ನಂಬರು ತೊಟ್ಟು ಬಂದಿದ್ದರೆ, ಕೊಟ್ಟ ಪಟ್ಟಿಗೂ ಅವನಿಗೂ ಹೊಂದುವುದಿಲ್ಲವೆಂದು ಎದುರು ತಂಡ ತಕರಾರು ತೆಗೆಯಬಹುದಿತ್ತು. ಶಾಲಾ ಪಂದ್ಯಾವಳಿಗಳಲ್ಲಿ ವಯಸ್ಸು ಮೀರಿದವರನ್ನು, ಬೇರೆ ಶಾಲೆಯವರನ್ನು ಆಡಿಸುವ ದೂರು ಯಾವಾಗಲೂ ಇರುತ್ತದೆ. ಹಾಗಾಗಿ ವ್ಯಾಸಂಗ ಪ್ರಮಾಣ ಪತ್ರ, ಹುಟ್ಟಿದ ತಾರೀಖಿನ ದಾಖಲೆ, ಫೋಟೋ ಅಂಟಿಸಿ ಮುಖ್ಯೋಪಾಧ್ಯಾಯರು ರುಜು ಮಾಡಿದ ಅರ್ಹತಾ ಪಟ್ಟಿ, ಇವುಗಳನ್ನು ಸಾಮಾನು ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆವು. ಅವು ಕಿಟ್ ಬ್ಯಾಗಿಗೆ ಹೋಗುತ್ತಿರಲಿಲ್ಲ, ಶಿಕ್ಷಕರ ಕೈಚೀಲದಲ್ಲೇ ಇರುತ್ತಿದ್ದವು. ಬೂಟು ಒದ್ದೆಯಾದರೆ ಒಣಗುತ್ತದೆ. ಒದ್ದೆಯಾದ ಮೊಹರಿನ ಕಾಗದಕ್ಕೆ ಊರಿಗೆ ವಾಪಸು ಹೋಗಬೇಕು.

ಅಂದಿನಿಂದ ಪಟ್ಟಿಯಲ್ಲಿ ಜರ್ಸಿಯ ಸಾಲು ಬದಲಾಯಿತು. ‘ಕೆಂಪು ಜರ್ಸಿ, 14’ ಎಂಬ ಒಂದು ಸಾಲಿನ ಬದಲು ಎರಡರಿಂದ ಹದಿನೈದರವರೆಗೆ ಹದಿನಾಲ್ಕು ಸಣ್ಣ ಚೌಕ. ಮೊದಲು ಬಾಯಲ್ಲಿ ಮಾತ್ರ ಓದುತ್ತಿದ್ದದ್ದು ಬರಹಕ್ಕೆ ಬಂತು. ಪ್ರತಿ ಮನೆಯಲ್ಲೂ ನಂಬರು ನೋಡಿಯೇ ಟಿಕ್ಕು ಹಾಕಬೇಕು; ಮೊತ್ತ ಬರೆಯಲು ಜಾಗವೇ ಇಲ್ಲ. ಮೊತ್ತ ಬರೆಯಲು ಜಾಗ ಕೊಟ್ಟರೆ ಆಯಾಸದ ಹೊತ್ತಿನಲ್ಲಿ ಹುಡುಗರು ಅದನ್ನೇ ತುಂಬಿಬಿಡುತ್ತಾರೆ. ಇದಕ್ಕೆ ಸಮಯ ಹೆಚ್ಚು ಬೇಕು ನಿಜ. ಹದಿನಾರು ಜನರ ತಂಡಕ್ಕೆ ಕಾಲು ಗಂಟೆ ಹಿಡಿಯುತ್ತದೆ. ರೈಲು ಹೊರಡುವ ಅವಸರದಲ್ಲಿ ಅದು ಆಗದ ಮಾತು. ಅದಕ್ಕೇ ವಸತಿ ಬಿಡುವ ಎಣಿಕೆಯನ್ನು ಹಿಂದಿನ ರಾತ್ರಿ ಊಟದ ಮೇಲೆ ಮುಗಿಸಿ ಬ್ಯಾಗಿನ ಬಾಯಿ ಹೊಲಿಗೆದಾರದಿಂದ ಕಟ್ಟಿಬಿಡುತ್ತಿದ್ದೆವು. ಕಟ್ಟಿದ ದಾರ ಹಾಗೆಯೇ ಇದ್ದರೆ ಬೆಳಗ್ಗೆ ಬ್ಯಾಗುಗಳನ್ನು ಮಾತ್ರ ಎಣಿಸಿದರೆ ಸಾಕು.

ಪಟ್ಟಿ ಬೆಳೆದ ಬಗೆ

ಮುಂದಿನ ವರ್ಷಗಳ ಪುಟಗಳಲ್ಲಿ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. 1990ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಮೊಣಕಾಲ ಕೆಳಗಿನ ಮೂಳೆ ಕಾಯುವ ಶಿನ್ ಗಾರ್ಡನ್ನು ಕಡ್ಡಾಯ ಮಾಡಿತು. ಬೂಟಿನ ನಿಯಮದಂತೆ ಇದೂ ನಮ್ಮವರೆಗೆ ಬರಲು ಸಮಯ ಹಿಡಿಯಿತು. ಮೊದಮೊದಲು ಕೆಲವರು ಸ್ಟಾಕಿಂಗ್ಸ್ ಒಳಗೆ ರಟ್ಟು ಇಟ್ಟುಕೊಂಡು ನಿಂತದ್ದುಂಟು. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಆದರೆ ಒಂದು ಒದೆತಕ್ಕೆ ರಟ್ಟು ಮಡಿಚಿಹೋಗುತ್ತದೆ, ಬೆವರಿಗೆ ಮೆತ್ತಗಾಗುತ್ತದೆ. ಶಿನ್ ಗಾರ್ಡಿನಲ್ಲಿ ಬೂಟಿನ ಅಳತೆಯ ತೊಡಕಿಲ್ಲ. ಹೊರಗೆ ಬಂದವನು ಒಳಗೆ ಹೋಗುವವನಿಗೆ ಕ್ಷಣದಲ್ಲಿ ಕೊಡಬಹುದು. ಹಾಗಾಗಿ ಹದಿನಾರು ಜನಕ್ಕೆ ಹನ್ನೆರಡು ಜೊತೆಯಲ್ಲೇ ಹಲವು ವರ್ಷ ನಡೆಸಿದೆವು.

ಹತ್ತಿಯ ಜರ್ಸಿ ಹೋಗಿ ಪಾಲಿಯೆಸ್ಟರ್ ಬಂತು. ಅದು ರಾತ್ರಿ ಹಿಂಡಿ ಹಾಕಿದರೆ ಬೆಳಗ್ಗೆ ಒಣಗಿರುತ್ತದೆ. ಒಗೆಯಲು ಹೊರಗೆ ಕೊಡುವುದೇ ತಪ್ಪಿತು. ಅಗಸರ ಗುರುತಿನ ಬದಲು ಕೊರಳೊಳಗೆ ಬಿಳಿ ದಾರದ ಹೊಲಿಗೆ ಬಂತು. ಅದೇ ಗೆರೆ, ಅದೇ ಮೂರು ಚುಕ್ಕಿ. ಹೊಲಿಯುವುದು ತಂಡದ ಹುಡುಗಿಯರಿಗೂ ಹುಡುಗರಿಗೂ ಸೇರಿದ ಕೆಲಸ, ಏಕೆಂದರೆ ಅಷ್ಟು ಹೊತ್ತಿಗೆ ಹುಡುಗಿಯರ ತಂಡವೂ ಆಗಿತ್ತು. ಚರ್ಮದ ಚೆಂಡು ಹೋಗಿ ನೀರು ಕುಡಿಯದ ಚೆಂಡು ಬಂತು, ಕೊಬ್ಬಿನ ಎಣ್ಣೆಯ ಡಬ್ಬಿ ಪಟ್ಟಿಯಿಂದ ಇಳಿಯಿತು. ಅಡಿಗೆ ಗುಬ್ಬಿ ಹೊಡೆಯುವ ಬೂಟು ಹೋಗಿ ಅಚ್ಚಿನಲ್ಲೇ ಎರಕವಾದ ರಬ್ಬರಿನ ಅಡಿ ಬಂತು, ಸುತ್ತಿಗೆ ಮೊಳೆಗಳೂ ಇಳಿದವು. ಸೂಜಿ ಮಾತ್ರ ಇಳಿಯಲಿಲ್ಲ. ಇಂದಿಗೂ ‘ಸೂಜಿ, ಎರಡು’ ಎಂದು ಬೇರೆ ಸಾಲಿನಲ್ಲೇ ಇದೆ.

ಈಗಿನ ಶಿಕ್ಷಕರು ಜಮಖಾನದ ಮೇಲೆ ಹರಡಿದ ಸಾಮಾನಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಕ್ರಮ. ಹೊರಟಾಗಿನ ಫೋಟೋಗೂ ಮರಳಿದಾಗಿನ ಫೋಟೋಗೂ ಹೋಲಿಸಿದರೆ ಖಾಲಿ ಜಾಗ ತಕ್ಷಣ ಕಾಣುತ್ತದೆ. ಆದರೆ ಜರ್ಸಿಯ ನಂಬರು ಮೇಲೆ ಬರುವಂತೆ, ಬೂಟಿನ ಅಟ್ಟೆ ಮೇಲೆ ಬರುವಂತೆ ಹರಡದಿದ್ದರೆ ಫೋಟೋ ಕೂಡ ಹದಿನಾಲ್ಕು ಕೆಂಪು ಬಟ್ಟೆ ಇವೆ ಎಂದಷ್ಟೇ ಹೇಳುತ್ತದೆ. ಅದು ಯಾರ ಕೈಯಲ್ಲಿತ್ತು, ಯಾವ ಹುಡುಗನಿಗೆ ಬೂಟಿರಲಿಲ್ಲ ಎಂಬುದು ಫೋಟೋದಲ್ಲಿ ಬರುವುದಿಲ್ಲ. ಅದಕ್ಕೆ ಹೆಸರಿನ ಮುಂದಿನ ಅಡ್ಡಗೆರೆಯೇ ಬೇಕು.

ಹಳೆಯ ಪ್ರಯಾಣ ಪಟ್ಟಿಯ ನೋಟ್‌ಬುಕ್ಕುಗಳಲ್ಲಿ ಕೆಲವು ಗೆದ್ದಲು ಹಿಡಿದು ಹೋಗಿವೆ, ಉಳಿದವನ್ನು ವಹಿಗಳ ಜೊತೆಗೆ ಒಂದೇ ಬೀರುವಿನಲ್ಲಿ ಇಡಲಾಗಿದೆ. ಹಳೆಯ ವಿದ್ಯಾರ್ಥಿಗಳು ಮಹೋತ್ಸವಕ್ಕೆ ಬಂದಾಗ ಕಚೇರಿಯಲ್ಲಿ ಕೇಳಿದರೆ ತೆಗೆದು ತೋರಿಸುತ್ತಾರೆ. ನೀವು ಆಡಿದ ವರ್ಷದ ಪುಟದಲ್ಲಿ ನಿಮ್ಮ ಹೆಸರು, ಜರ್ಸಿಯ ನಂಬರು, ಪಾದದ ಅಳತೆ ಮೂರೂ ಸಿಗುತ್ತವೆ. ಹೆಸರಿನ ಮುಂದೆ ಅಡ್ಡಗೆರೆ ಇದ್ದವರು ಎಷ್ಟು ಜನವೆಂದು ನಾನು ಈ ಲೇಖನಕ್ಕಾಗಿ ಎಣಿಸಿದೆ. ಉಳಿದಿರುವ ಪುಟಗಳಲ್ಲಿ ಹನ್ನೊಂದು ಜನ. ಕೊನೆಯ ಅಡ್ಡಗೆರೆಯ ಮುಂದಿನ ಪುಟಗಳಲ್ಲಿ ಪ್ರತಿ ಹೆಸರಿನ ಎದುರೂ ಒಂದು ಅಂಕೆ ಇದೆ.